ಪದಚರ್ಚೆ: ಆನ್-ಕಾಲ್ ಸರದಿಯ ‘ಸ್ವಾಪ್’ ಬದಲಿಯೋ, ಅದಲುಬದಲೋ?

ಶ್ರೀ. (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ.

ಸಪೋರ್ಟ್ ತಂಡವೊಂದರ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆನ್-ಕಾಲ್ ಇರುವ, ಅಂದರೆ ತೊಂದರೆಯ ಕರೆ ಬಂದರೆ ಎತ್ತಬೇಕಾದ ಎಂಜಿನಿಯರ್ ರಜೆ ಕೇಳಿ, ತನ್ನ ಸರದಿಯನ್ನು ಇನ್ನೊಬ್ಬರಿಗೆ ಕೊಟ್ಟು, ಅವರದನ್ನು ತಾನು ತೆಗೆದುಕೊಳ್ಳುವ ಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬಾಯಿಮಾತಿನಲ್ಲಿ ಎಲ್ಲರೂ ‘ಸ್ವಾಪ್ ಮಾಡ್ಕೊಂಡೆ’ ಅಂತಾರೆ. ಬರಹದಲ್ಲಿ ನಾನು ಹಾಕಿದ ಮಾದರಿ ಇದು:

“12ರಿಂದ 15ರವರೆಗೆ ರಜೆಯಲ್ಲಿರುವುದರಿಂದ ಪಾಳಿ ಬದಲಾವಣೆ ಮಾಡಿಕೊಳ್ಳಲಾಗಿದೆ.”

ಓದಿದ ಇಬ್ಬರು ಎರಡು ಥರ ಅರ್ಥ ಮಾಡಿಕೊಂಡರು. ‘ಪಾಳಿ ಬದಲಾವಣೆ’ ಸರಿಯೋ, ‘ಅದಲುಬದಲು’ ಸರಿಯೋ, ಬೇರೆ ಪದ ಇದೆಯೋ?

ನಾ. (ಭದ್ರಾವತಿ)

ಇದಕ್ಕೆ ಹೊಸ ಪದ ಯಾಕೆ ಬೇಕು? ಕಾರ್ಖಾನೆಗಳಲ್ಲಿ ಮೊದಲ ಪಾಳಿ, ಎರಡನೇ ಪಾಳಿ, ರಾತ್ರಿ ಪಾಳಿ ಎಂದು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. ನಿಮ್ಮ ಆನ್-ಕಾಲ್ ಅಂದರೆ ರಾತ್ರಿ ಪಾಳಿಯೇ ತಾನೆ. ಇಬ್ಬರು ಪರಸ್ಪರ ಬದಲಾಯಿಸಿಕೊಂಡರೆ ‘ಪಾಳಿ ಅದಲುಬದಲು’. ಬದಲಾವಣೆ ಅನ್ನಬೇಡಿ, ಅದು ಕಾಯಂ ಆದದ್ದಕ್ಕೆ ಹೇಳುವ ಮಾತು.

ವಿ. (ಬೆಂಗಳೂರು)

ನಾ. ಅವರ ಕೊನೆಯ ಮಾತು ನೂರಕ್ಕೆ ನೂರು ಸರಿ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಸರ್, ಆನ್-ಕಾಲ್ ರಾತ್ರಿ ಪಾಳಿಯಲ್ಲ. ಪಾಳಿಯಲ್ಲಿ ಇರುವವರು ಎಂಟು ತಾಸು ಯಂತ್ರದ ಮುಂದೆ ನಿಂತಿರುತ್ತಾರೆ. ಆನ್-ಕಾಲ್ ಇರುವವರು ಹಗಲು ಮಾಮೂಲಿ ಕೆಲಸ ಮಾಡಿ, ರಾತ್ರಿ ಮನೆಯಲ್ಲಿ ಮಲಗಿ, ಫೋನು ಕೂಗಿದರೆ ಮಾತ್ರ ಎದ್ದು ಲ್ಯಾಪ್‌ಟಾಪ್ ತೆರೆಯುತ್ತಾರೆ. ಸಾಮಾನ್ಯವಾಗಿ ಒಂದೊಂದು ವಾರ ಒಬ್ಬೊಬ್ಬರದು. ಹಾಗಾಗಿ ನನಗೆ ‘ಸರದಿ’ ಹತ್ತಿರದ ಪದ.

ಈಗ ಮುಖ್ಯ ಪ್ರಶ್ನೆ. ಇಲ್ಲಿರುವುದು ಎರಡು ಬೇರೆ ವ್ಯವಹಾರ, ಎರಡನ್ನೂ ‘ಸ್ವಾಪ್’ ಎಂದು ಕರೆದು ಕಲಸಿಬಿಟ್ಟಿದ್ದೇವೆ. ನನ್ನ ಸರದಿಯನ್ನು ಬೇರೆಯವರು ನೋಡಿಕೊಂಡು, ನಾನು ಏನೂ ವಾಪಸ್ ಕೊಡದಿದ್ದರೆ ಅದು ‘ಬದಲಿ’. ಶಾಲೆಯಲ್ಲಿ ಬದಲಿ ಮೇಷ್ಟ್ರು ಬಂದ ಹಾಗೆ. ಕೊಟ್ಟು ತೆಗೆದುಕೊಂಡರೆ ‘ಅದಲುಬದಲು’. ಕರೆಯನ್ನು ಸರದಿಯಲ್ಲಿರುವವರಿಗೆ ಕಳಿಸುವ ಪೇಜರ್‌ಡ್ಯೂಟಿಯಂಥ ಸಾಧನಗಳಲ್ಲಿ ಇದಕ್ಕೆ ಬಳಸುವ ಓವರ್‌ರೈಡ್ ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿನವರೆಗೆ ಇವರ ಜಾಗದಲ್ಲಿ ಅವರು ಎಂದಷ್ಟೇ ಹೇಳುತ್ತದೆ. ಅಂದರೆ ಅದು ಬದಲಿ. ಒಂದು ಅದಲುಬದಲು ಪೂರ್ತಿಯಾಗಬೇಕಾದರೆ ಎರಡು ಓವರ್‌ರೈಡ್ ಹಾಕಬೇಕು. ಮೊದಲನೆಯದನ್ನು ರಜೆಯ ಆತುರದಲ್ಲಿ ಎಲ್ಲರೂ ಹಾಕುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಎರಡು ವಾರ ಕಳೆದ ಮೇಲೆ, ‘ಈ ರಾತ್ರಿ ನನ್ನದಲ್ಲ’ ಎಂದು ಫೋನು ಸೈಲೆಂಟ್ ಮಾಡಿ ಮಲಗಿದವರಿಗೇ ಕರೆ ಹೋಗುತ್ತದೆ.

ಇನ್ನು ‘ಬದಲಾವಣೆ’. ಸರದಿಪಟ್ಟಿಯಲ್ಲಿ ಹೆಸರುಗಳ ಕ್ರಮ ಇರುತ್ತದೆ, ಅದು ಸುತ್ತುತ್ತಲೇ ಇರುತ್ತದೆ. ಕೈಪಿಡಿಯಲ್ಲಿ ‘ಬದಲಾವಣೆ ಮಾಡಿ’ ಎಂದು ಓದಿದ ಹೊಸಬರು ಆ ಕ್ರಮದಲ್ಲೇ ಇಬ್ಬರ ಹೆಸರು ಹಿಂದುಮುಂದು ಮಾಡಿಬಿಡುತ್ತಾರೆ. ಆ ವಾರಕ್ಕೆ ಸರಿ ಕಾಣುತ್ತದೆ, ಮುಂದಿನ ಪ್ರತಿ ಸುತ್ತಿಗೂ ಅದೇ ಉಳಿಯುತ್ತದೆ. ಹೆಸರನ್ನೇ ತೆಗೆದರಂತೂ ಉಳಿದವರ ವಾರಗಳೆಲ್ಲ ಸರಿದುಹೋಗುತ್ತವೆ. ಆದ್ದರಿಂದ ಕೈಪಿಡಿಯ ಆ ವಾಕ್ಯದಲ್ಲಿ ‘ಬದಲಾವಣೆ’ ಬೇಡ.

ಗ. (ತುಮಕೂರು)

ರಜೆಯ ಅರ್ಜಿ ಎಂದಮೇಲೆ ಮೊದಲು ಯಾವ ರಜೆ ಎಂದು ಬರೆಯಬೇಕಲ್ಲವೇ? ಸಾಂದರ್ಭಿಕ ರಜೆಯೋ, ಗಳಿಕೆ ರಜೆಯೋ, ಪರಿವರ್ತಿತ ರಜೆಯೋ? “ದಯಮಾಡಿ ರಜೆ ಮಂಜೂರು ಮಾಡಬೇಕಾಗಿ ವಿನಂತಿ” ಎಂದು ಮುಗಿಸಿ, ಯಾರಿಗೆ ಪ್ರಭಾರ ವಹಿಸಿದ್ದೀರಿ ಎಂದು ಕೆಳಗೆ ಹಾಕಿದರೆ ಸಾಕು. ಇಷ್ಟಕ್ಕೆ ಇಷ್ಟುದ್ದ ಚರ್ಚೆಯೇ?

ವಿ.

ಗ. ಸರ್, ಪ್ರಶ್ನೆ ರಜೆಯ ಬಗೆಯದ್ದಲ್ಲ. ರಜೆ ಮಂಜೂರಾಗುವುದು ಕಚೇರಿಯ ಎಚ್‌ಆರ್ ಪೋರ್ಟಲ್‌ನಲ್ಲಿ, ಕರೆ ಯಾರಿಗೆ ಹೋಗಬೇಕೆಂದು ತೀರ್ಮಾನವಾಗುವುದು ಇನ್ನೊಂದು ಕಡೆ. ಬಹಳ ಕಡೆ ಒಂದಕ್ಕೆ ಇನ್ನೊಂದರ ಸುದ್ದಿಯೇ ಇರುವುದಿಲ್ಲ. ಮಂಜೂರಾದ ರಜೆ ಜೇಬಲ್ಲಿಟ್ಟುಕೊಂಡು ಜಾತ್ರೆಗೆ ಹೋದವರ ಫೋನು ತೇರಿನ ಮುಂದೆ ಕೂಗುವುದು ಅದಕ್ಕೇ. ಅದಲುಬದಲು ಮೊದಲು, ರಜೆ ಅರ್ಜಿ ಆಮೇಲೆ.

ಆದರೆ ‘ಪ್ರಭಾರ’ ಎಂದಿರಲ್ಲ, ಅದರಲ್ಲಿ ಕೆಲಸಕ್ಕೆ ಬರುವ ಒಂದು ಅಂಶ ಇದೆ. ಪ್ರಭಾರ ವಹಿಸಿಕೊಟ್ಟವರ ಸಹಿಯ ಜೊತೆ ವಹಿಸಿಕೊಂಡವರ ಸಹಿಯೂ ಇರುತ್ತದೆ. ನಮ್ಮಲ್ಲೂ ಒಪ್ಪಿಕೊಂಡವರು ತಾವೇ ಬರೆಯಬೇಕು. ‘ಕೇಳಿದ್ದೇನೆ, ನೋಡ್ಕೋತಾರೆ’ ಎಂಬುದು ಒಪ್ಪಿಗೆಯಲ್ಲ. ಪೂರ್ತಿ ಪದವಾಗಿ ‘ಪ್ರಭಾರ’ ಭಾರ ಅನಿಸುತ್ತದೆ, ‘ವಹಿಸಿಕೊಡು, ವಹಿಸಿಕೊಳ್ಳು’ ಇಟ್ಟುಕೊಳ್ಳಬಹುದು.

ಸು. (ಶಿರಸಿ)

ನಮ್ಮ ಕಡೆ ಕೃಷಿಯಲ್ಲಿ ‘ಮುಯ್ಯಿ’ ಇದೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಹಾಗೆ ಬರುವವರು ಮುಯ್ಯಾಳು. ಕೂಲಿ ಇಲ್ಲ, ಬಂದಷ್ಟು ದಿನ ವಾಪಸ್ ಹೋಗಬೇಕು. ಸ್ವಾಪ್ ಅಂದರೆ ಇದೇ ಅಲ್ಲವೇ? ‘ಮುಯ್ಯಿ ಸರದಿ’ ಅನ್ನಿ.

ನಾ.

ಸು. ಅಮ್ಮ, ಪದ ಚಂದವಿದೆ. ಆದರೆ ‘ಮುಯ್ಯಿ ತೀರಿಸಿಕೊಳ್ಳುವುದು’ ಅಂದರೆ ಸೇಡು ತೀರಿಸಿಕೊಳ್ಳುವುದೂ ಹೌದು. ಕೈಪಿಡಿಯಲ್ಲಿ “ಸೋಮವಾರದೊಳಗೆ ಮುಯ್ಯಿ ತೀರಿಸಬೇಕು” ಎಂದು ಬರೆದರೆ ಮ್ಯಾನೇಜರ್ ಗಾಬರಿಯಾದಾರು.

ಸು.

ಅದು ಓದುವವರ ತಪ್ಪು, ಪದದ್ದಲ್ಲ! ‘ಅದಲುಬದಲು’ ಅಂದರೆ ಚಪ್ಪಲಿ ಅದಲುಬದಲಾದ ಹಾಗೆ, ಗೊತ್ತಿಲ್ಲದೆ ಆಗಿಹೋದದ್ದೂ ಆಗಬಹುದು. ಮುಯ್ಯಿಯಲ್ಲಿ ಮಾತುಕತೆ ಇದೆ, ಲೆಕ್ಕ ಇದೆ.

ವಿ.

ಲೆಕ್ಕ ಅಂದಿದ್ದು ಒಳ್ಳೆಯದಾಯಿತು. ಒಂದು ಉದಾಹರಣೆಯಲ್ಲೇ ನೋಡೋಣ.

ನಾಲ್ಕು ಜನರ ತಂಡ. ಅ, ಬ, ಕ, ಡ ಎಂದಿಟ್ಟುಕೊಳ್ಳಿ. ಸರದಿ ಸೋಮವಾರ ಬೆಳಿಗ್ಗೆ 10ಕ್ಕೆ ಕೈಬದಲಾಗುತ್ತದೆ. 2026ರ ಫೆಬ್ರವರಿ 9ರಿಂದ ಅ, 16ರಿಂದ ಬ, 23ರಿಂದ ಕ, ಮಾರ್ಚ್ 2ರಿಂದ ಡ, 9ರಿಂದ ಮತ್ತೆ ಅ. ಮುಂದಿನ ವಾರದವರು ಈ ವಾರ ಸೆಕೆಂಡರಿ, ಅಂದರೆ ಪ್ರೈಮರಿ ಎತ್ತದಿದ್ದರೆ ಕರೆ ಅವರಿಗೆ ಹೋಗುತ್ತದೆ. ಅ ಅವರಿಗೆ 12ನೇ ತಾರೀಖು ಗುರುವಾರ ಸಂಜೆ ಊರಿಗೆ ಹೊರಡಬೇಕು.

ಎಲ್ಲರಿಗೂ ಮೊದಲು ಹೊಳೆಯುವುದು ಪಕ್ಕದ ವಾರದ ಬ. ಆದರೆ ಅದೇ ವಾರ ಬ ಸೆಕೆಂಡರಿ. ಅವರೇ ಪ್ರೈಮರಿಯೂ ಆದರೆ ಎರಡು ಮೆಟ್ಟಿಲಲ್ಲೂ ಒಬ್ಬರೇ. ಅವರು ನಿದ್ದೆಯಲ್ಲಿ ಕರೆ ಎತ್ತದಿದ್ದರೆ ಐದು ನಿಮಿಷವೋ ಹತ್ತು ನಿಮಿಷವೋ ಬಿಟ್ಟು ಸಾಧನ ಅದೇ ನಿದ್ದೆಯಲ್ಲಿರುವವರನ್ನೇ ಮತ್ತೆ ಕೂಗುತ್ತದೆ. ಪಟ್ಟಿಯಲ್ಲಿ ಎರಡೂ ಸಾಲು ತುಂಬಿರುವುದರಿಂದ ಈ ತೂತು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಕ ಅವರ ಜೊತೆ ಮಾಡಿಕೊಳ್ಳಬೇಕು. ಫೆಬ್ರವರಿ 12 ಗುರುವಾರ ಸಂಜೆ 6ರಿಂದ 16 ಸೋಮವಾರ ಬೆಳಿಗ್ಗೆ 10ರ ತನಕ ಕ, ಅದಕ್ಕೆ ಪ್ರತಿಯಾಗಿ 26 ಗುರುವಾರ ಸಂಜೆ 6ರಿಂದ ಮಾರ್ಚ್ 2 ಸೋಮವಾರ ಬೆಳಿಗ್ಗೆ 10ರ ತನಕ ಅ. ಎರಡೂ 88 ತಾಸು, ಎರಡರಲ್ಲೂ ಒಂದು ಶನಿವಾರ, ಒಂದು ಭಾನುವಾರ. ವಾರದ ನಡುವಿನ ರಾತ್ರಿ ಕೊಟ್ಟು ವಾರಾಂತ್ಯ ತೆಗೆದುಕೊಂಡರೆ ತಾಸು ಸರಿಹೋದರೂ ಮನಸ್ಸು ಸರಿಹೋಗುವುದಿಲ್ಲ.

ಇದರಲ್ಲೂ ಒಂದು ಕಿರಿಕಿರಿ ಉಳಿಯುತ್ತದೆ. ಅ ಫೆಬ್ರವರಿ 26ರಿಂದ ಪ್ರೈಮರಿ, ಮಾರ್ಚ್ 2ರಿಂದ ಸೆಕೆಂಡರಿ, 9ರಿಂದ ಮತ್ತೆ ಪ್ರೈಮರಿ. ಎರಡೂವರೆ ವಾರ ಫೋನು ತಲೆದಿಂಬಿನ ಪಕ್ಕವೇ. ಒಪ್ಪಿಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಶ್ರೀ. ಅವರ ವಾಕ್ಯದಲ್ಲಿ ನನಗೆ ‘ಬದಲಾವಣೆ’ಗಿಂತ ದೊಡ್ಡ ತೊಂದರೆ ‘15ರವರೆಗೆ’. 15 ಸೇರಿಯೋ, 15 ಶುರುವಾಗುವ ತನಕವೋ? ರಜೆಯ ಅರ್ಜಿಯಲ್ಲಿ ಸೇರಿಸಿಯೇ ಓದುತ್ತೇವೆ. ಸಾಧನದಲ್ಲಿ ಬರಿ ತಾರೀಖು ಆರಿಸಿ ಹೊತ್ತನ್ನು 00:00 ಎಂದು ಬಿಟ್ಟರೆ, ಓವರ್‌ರೈಡ್ 14ರ ರಾತ್ರಿ ಹನ್ನೆರಡಕ್ಕೇ ಮುಗಿದಿರುತ್ತದೆ. ಭಾನುವಾರ ಪೂರ್ತಿ, ಸೋಮವಾರ ಬೆಳಿಗ್ಗೆ 10ರ ತನಕ, 34 ತಾಸು ಕರೆಗಳು ಊರಲ್ಲಿರುವ ಅ ಅವರಿಗೇ.

ಗ.

ಹಾಗಾದರೆ ‘ಗುರುವಾರ ರಾತ್ರಿ ಎರಡು ಗಂಟೆ’ ಎಂದರೆ? ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಅದು ಗುರುವಾರವೇ.

ವಿ.

ಇದು ಪದಪಟ್ಟಿಯವರು ಗಮನಿಸಬೇಕಾದ ಜಾಗ. ಮಾತಿನಲ್ಲಿ ಅದು ಗುರುವಾರ ರಾತ್ರಿ, ಗಡಿಯಾರದಲ್ಲಿ ಶುಕ್ರವಾರ 02:00. ನಮಗಿಂತ ಐದೂವರೆ ತಾಸು ಹಿಂದಿರುವ ಯುಟಿಸಿಯಲ್ಲಿ ತೋರಿಸುವ ಪರದೆಯಲ್ಲಿ ನೋಡಿದರೆ ಗುರುವಾರ 20:30, ಆಗ ಪಂಚಾಂಗವೇ ಗೆದ್ದಂತೆ ಕಾಣುತ್ತದೆ. ಹಾಗಾಗಿ ವಾರ, ತಾರೀಖು, ಗಂಟೆ ಮೂರನ್ನೂ ಬರೆಯಿರಿ, ‘ರಾತ್ರಿ’ ಎಂದು ಬಿಡಬೇಡಿ. ಸಾಧನಕ್ಕೆ ಕೊಡುವಾಗ ಕಾಲವಲಯವೂ ಇರಲಿ:

```
"start": "2026-02-12T18:00:00+05:30",
"end":   "2026-02-16T10:00:00+05:30"
```

ಹಾಕಿದ ಮೇಲೆ ಓವರ್‌ರೈಡ್ ಉಳಿಯಿತೇ ಎಂದಷ್ಟೇ ನೋಡಿದರೆ ಸಾಲದು. ಎಲ್ಲ ಸೇರಿ ಕೊನೆಗೆ ಉಳಿಯುವ ಸರದಿಪಟ್ಟಿಯಲ್ಲಿ 13ರ 02:00, 16ರ 09:59, 27ರ 02:00 ಈ ಮೂರು ಹೊತ್ತಿಗೆ ಯಾರ ಹೆಸರಿದೆ ಎಂದು ನೋಡಬೇಕು. ಕ, ಕ, ಅ ಎಂದು ಬಂದರೆ ಎರಡೂ ಅರ್ಧ ಕೂತಿವೆ. ಮೂರನೆಯದು ಕ ಎಂದು ಬಂದರೆ ಸಾಲ ಇನ್ನೂ ತೀರಿಲ್ಲ.

ಶ್ರೀ.

ಎಲ್ಲರಿಗೂ ಧನ್ಯವಾದ. ಮಾದರಿಯನ್ನು ತಿದ್ದಿದ್ದೇನೆ:

“ಫೆಬ್ರವರಿ 12 ಗುರುವಾರ 18:00ರಿಂದ ಫೆಬ್ರವರಿ 16 ಸೋಮವಾರ 10:00ರ ತನಕ ನನ್ನ ಆನ್-ಕಾಲ್ ಸರದಿಯನ್ನು ಕ ಅವರು ವಹಿಸಿಕೊಂಡಿದ್ದಾರೆ. ಪ್ರತಿಯಾಗಿ ಫೆಬ್ರವರಿ 26 ಗುರುವಾರ 18:00ರಿಂದ ಮಾರ್ಚ್ 2 ಸೋಮವಾರ 10:00ರ ತನಕ ಅವರ ಸರದಿ ನನ್ನದು. ಎರಡೂ ಓವರ್‌ರೈಡ್ ಹಾಕಿದೆ. ಸೆಕೆಂಡರಿ ಮೊದಲಿನಂತೆಯೇ: ಆ ವಾರ ಬ, ಈ ವಾರ ಡ. ತೆರೆದಿರುವ ಎರಡು ದೂರುಗಳ ಸ್ಥಿತಿಯನ್ನು ಟಿಕೆಟ್‌ನಲ್ಲಿ ಬರೆದಿದ್ದೇನೆ. ಕ ಅವರು ಇಲ್ಲೇ ಕೆಳಗೆ ಒಪ್ಪಿಗೆ ಬರೆಯುತ್ತಾರೆ.”

ತಲೆಬರಹ ‘ಸರದಿ ಅದಲುಬದಲು’ ಎಂದಿಟ್ಟಿದ್ದೇನೆ. ಓವರ್‌ರೈಡ್ ಹಾಗೇ ಬಿಟ್ಟೆ, ಪರದೆಯ ಮೇಲೆ ಹುಡುಕುವವರಿಗೆ ಆ ಗುಂಡಿಯೇ ಸಿಗಬೇಕಲ್ಲ.

ವಿ.

ಚೆನ್ನಾಗಿದೆ. ‘ಆ ವಾರ, ಈ ವಾರ’ ಮಾತ್ರ ತೆಗೆಯಿರಿ, ಅಲ್ಲಿಯೂ ತಾರೀಖು ಹಾಕಿ. ಕ ಅವರು ಒಪ್ಪಿಗೆ ಬರೆಯುವ ಮೊದಲು ಒಂದು ಪರೀಕ್ಷೆಯ ಕರೆ ಕಳಿಸಿ ನೋಡಲಿ. ಹೊಸ ಫೋನು ಕೊಂಡು, ತೊಂದರೆ ಕೊಡಬೇಡ ಎಂಬ ಸೆಟ್ಟಿಂಗ್‌ನಲ್ಲಿ ಆ ಸಾಧನದ ಆ್ಯಪಿಗೆ ವಿನಾಯಿತಿ ಕೊಡದೆ ಇದ್ದರೆ ಪಟ್ಟಿ ಸರಿಯಿದ್ದೂ ಸದ್ದು ಬರುವುದಿಲ್ಲ.

ನಾ.

‘ಸರದಿ’ ಅಂದರೆ ನನ್ನ ಕಿವಿಗೆ ಇನ್ನೂ ರೇಷನ್ ಅಂಗಡಿಯ ಸಾಲೇ ಕೇಳಿಸುತ್ತಿದೆ. ಪಾಳಿಯೇ ವಾಸಿ.

ಸು.

ತಲೆಬರಹ ಅದಲುಬದಲು ಇರಲಿ. ‘ಪ್ರತಿಯಾಗಿ’ ಇರುವ ಕಡೆಯಾದರೂ ‘ಮುಯ್ಯಿಯಾಗಿ’ ಹಾಕಿ ನೋಡಿ, ಶ್ರೀ. ನಮ್ಮ ಕಡೆಯ ಹುಡುಗರಿಗೆ ಎರಡನೆಯ ಓವರ್‌ರೈಡ್ ಮರೆಯುವುದಿಲ್ಲ.