ಪ್ರಶ್ನೋತ್ತರ: ಕಣ್ಣು ಅರ್ಧ ಮುಚ್ಚಿದಾಗ ಗುಡ್ಡೆ ಹೊರಗೆ ಕಾಣುವುದೇಕೆ?

ಕುಂಬಳೆಯ ಸದಸ್ಯ: ಅಕ್ಕ, ಯಕ್ಷಗಾನದ ಬಣ್ಣದ ವೇಷದ ತ್ರೀಡಿ ಪಾತ್ರವೊಂದನ್ನು ಬ್ಲೆಂಡರಿನಲ್ಲಿ ಮಾಡುತ್ತಿದ್ದೇನೆ. ಕಣ್ಣು ತೆರೆದಾಗಲೂ ಪೂರ್ತಿ ಮುಚ್ಚಿದಾಗಲೂ ಸರಿಯಿದೆ, ನಡುವೆ ಮಾತ್ರ ಗುಡ್ಡೆ ರೆಪ್ಪೆಯನ್ನು ತೂರಿಕೊಂಡು ಕಾಣುತ್ತದೆ. ಮುಖಕ್ಕೆ ಒಟ್ಟು ಎಷ್ಟು ಶೇಪ್ ಬೇಕು?

ರಿಗ್ಗಿಂಗ್ ಕಲಾವಿದೆ, ಮಂಜೇಶ್ವರ: ರೆಪ್ಪೆ ಗುಡ್ಡೆಯ ಮೇಲೆ ಕಮಾನಿನಂತೆ ಬಾಗಿ ಇಳಿಯಬೇಕು, ಆದರೆ ಶೇಪ್ ಕೀ ಪ್ರತಿಯೊಂದು ವರ್ಟೆಕ್ಸನ್ನೂ ನೇರ ಗೆರೆಯಲ್ಲೇ ಒಯ್ಯುತ್ತದೆ. ಹಾಗಾಗಿ ಎರಡು ತುದಿಗಳಲ್ಲಿ ಸರಿಯಿರುವ ರೆಪ್ಪೆ ನಡುದಾರಿಯಲ್ಲಿ ಗುಡ್ಡೆಯೊಳಗೆ ಮುಳುಗುತ್ತದೆ. ಗುಡ್ಡೆಯ ತ್ರಿಜ್ಯ 12 ಮಿ.ಮೀ. ಇದ್ದು ರೆಪ್ಪೆಯಂಚು 60 ಡಿಗ್ರಿ ಸರಿದರೆ ಮುಳುಗುವುದು ಸುಮಾರು 1.6 ಮಿ.ಮೀ. ನಿಮ್ಮ ವೇಷದಂತೆ ಕಣ್ಣನ್ನು ಅರಳಿಸಿ 90 ಡಿಗ್ರಿ ಮಾಡಿದರೆ ಅದು 3.5 ಮಿ.ಮೀ. ಆಗುತ್ತದೆ, ಅಷ್ಟನ್ನು ಮುಚ್ಚಿಕೊಳ್ಳುವ ದಪ್ಪ ಯಾವ ರೆಪ್ಪೆಗೂ ಇರುವುದಿಲ್ಲ.

Blink_L ಅನ್ನು 0.5ರಲ್ಲಿ ನಿಲ್ಲಿಸಿ, Blink_L_half ಎಂಬ ಖಾಲಿ ಶೇಪ್ ಸೇರಿಸಿ, ಅದರ ಬೆಲೆಯನ್ನು 1 ಮಾಡಿಟ್ಟು, ಮುಳುಗಿದ ಭಾಗವನ್ನು ಮಾತ್ರ ಸ್ಕಲ್ಪ್ಟ್ ಮೋಡಿನಲ್ಲಿ ಗುಡ್ಡೆಯ ಹೊರಗೆ ಎಳೆಯಿರಿ. New Shape from Mix ಒತ್ತಬೇಡಿ, ಅದರಲ್ಲಿ ಅರ್ಧ ಮುಚ್ಚಿದ ಚಲನೆಯೂ ಸೇರಿಕೊಳ್ಳುವುದರಿಂದ ರೆಪ್ಪೆ ಎರಡು ಪಾಲು ಇಳಿಯುತ್ತದೆ. ಬಳಿಕ ಆ ಹೊಸ ಶೇಪಿನ ಬೆಲೆಗೆ ಡ್ರೈವರ್ ಹಾಕಿ, v ಎಂಬುದು Blink_L ಬೆಲೆಯಾಗಿರಲಿ.

```
4*v*(1-v)
```

ಇದು ತೆರೆದಾಗಲೂ ಮುಚ್ಚಿದಾಗಲೂ ಸೊನ್ನೆ, ನಡುವೆ ಒಂದು. ಮುಳುಗುವಿಕೆಯೂ ಹೆಚ್ಚುಕಡಿಮೆ ಇದೇ ರೀತಿ ಏರಿಳಿಯುತ್ತದೆ. ಸ್ಲೈಡರನ್ನು ನಿಧಾನವಾಗಿ ಎಳೆಯುತ್ತ ಪಕ್ಕದಿಂದ ನೋಡಿ. ಪೂರ್ತಿ ಮುಚ್ಚಿದಾಗಲೂ ಗುಡ್ಡೆ ಕಂಡರೆ ದೋಷ Blink_L ಶೇಪಿನಲ್ಲೇ ಇದೆ, ಮೊದಲು ಅದನ್ನು ತಿದ್ದಬೇಕು.

ಒಟ್ಟು ಹನ್ನೆರಡು ಸಾಕು: ಎಡಬಲ ಬೇರೆಬೇರೆಯಾಗಿ ಕಣ್ಣು ಮುಚ್ಚುವುದು, ನಗು ಮತ್ತು ಹುಬ್ಬೇರಿಸುವುದು, ಹುಬ್ಬುಗಂಟು, ಕಣ್ಣರಳಿಸುವುದು, ಬಾಯಿ ತೆರೆಯುವುದು, ತುಟಿಯನ್ನು ಚೂಪು ಮಾಡುವುದು, ಅಗಲಿಸುವುದು, ಒತ್ತಿ ಮುಚ್ಚುವುದು. ತಿದ್ದುಪಡಿಯ ಶೇಪ್‌ಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಬದಿಯಡ್ಕದ ಸದಸ್ಯ: ಇಷ್ಟೆಲ್ಲ ಬೇಡ. ರೆಪ್ಪೆಗೆ ಶ್ರಿಂಕ್‌ವ್ರಾಪ್ ಮಾಡಿಫೈಯರ್ ಹಾಕಿದರೆ ಅದೇ ಗುಡ್ಡೆಯ ಮೇಲೆ ಕೂರುತ್ತದೆ.

ಕಲಾವಿದೆ: ಬ್ಲೆಂಡರಿನೊಳಗೇ ರೆಂಡರ್ ಮಾಡುವವರಿಗೆ ಅದು ನಡೆಯುತ್ತದೆ. ಗೇಮಿಗೆ ಕಳುಹಿಸುವ ಪಾತ್ರಕ್ಕೆ ನಡೆಯದು, ಏಕೆಂದರೆ ಮಾಡಿಫೈಯರ್ ಜೊತೆಗೆ ಹೋಗುವುದಿಲ್ಲ. ಡ್ರೈವರ್ ಸಹ ಹೋಗುವುದಿಲ್ಲ, ಆ ಸೂತ್ರವನ್ನು ಇಂಜಿನಿನಲ್ಲಿ ಮತ್ತೆ ಬರೆಯಬೇಕು ಇಲ್ಲವೇ ಅನಿಮೇಷನ್ ಬೇಕ್ ಮಾಡಬೇಕು.

ಉಪ್ಪಳದ ಸದಸ್ಯ: ಇನ್ನೊಂದು ಗುಂಪಿನಿಂದ ಬಂದದ್ದು: «ಗುಡ್ಡೆಯನ್ನು ಶೇಕಡ 10 ಚಿಕ್ಕದು ಮಾಡಿ, ಯಾವ ಕಣ್ಣಿನ ಸಮಸ್ಯೆಯೂ ಉಳಿಯುವುದಿಲ್ಲ.»

ಕಲಾವಿದೆ: ಚಿಕ್ಕದು ಮಾಡಿದರೆ ತೆರೆದ ಕಣ್ಣಿನಲ್ಲಿ ರೆಪ್ಪೆಗೂ ಗುಡ್ಡೆಗೂ ನಡುವೆ ಕಪ್ಪು ಸಂದು ಬೀಳುತ್ತದೆ. ಪರೀಕ್ಷಿಸದ ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿರೆಂದು ಹಿಂದೆಯೂ ಕೇಳಿಕೊಂಡಿದ್ದೆ.

ಪೆರ್ಲದ ಸದಸ್ಯೆ: ಶೇಪ್ ಕೀ ಇರುವ ಮೆಶ್‌ನಲ್ಲಿ ಮಿರರ್ ಮಾಡಿಫೈಯರ್ ಅಪ್ಲೈ ಆಗುತ್ತಿಲ್ಲ, ಏನು ಮಾಡಲಿ?

ಕಲಾವಿದೆ: ಆಗುವುದಿಲ್ಲ. ಶೇಪ್ ಮಾಡುವ ಮೊದಲೇ ಅಪ್ಲೈ ಮಾಡಬೇಕು.

ಕಾಸರಗೋಡಿನ ಸದಸ್ಯ: ಹನ್ನೆರಡು ಎಂಬುದು ಹಳೆಯ ಮಾತು. ಎಆರ್‌ಕಿಟ್‌ನಲ್ಲಿ 52 ಇವೆ, ಈಗ ಎಲ್ಲರೂ ಅವನ್ನೇ ಮಾಡುವುದು.

ಬದಿಯಡ್ಕದ ಸದಸ್ಯ: ಅವು ಫೋನ್ ಕ್ಯಾಮೆರಾದಿಂದ ಮುಖಚಲನೆ ಹಿಡಿಯುವವರಿಗೆ, ಮಾಷ್ಟ್ರೇ. ಇವರು ಕೈಯಿಂದ ಅನಿಮೇಟ್ ಮಾಡುವವರು.

ಕಾಸರಗೋಡಿನ ಸದಸ್ಯ: ನಾಳೆ ಕ್ಯಾಮೆರಾ ಬೇಕೆಂದರೆ ಮತ್ತೆ ಮೊದಲಿನಿಂದ ಮಾಡಬೇಕೇ? ಶ್ರಿಂಕ್‌ವ್ರಾಪ್ ಹೇಳಿಕೊಟ್ಟವರು ಈಗ ನನಗೂ ಪಾಠ ಹೇಳುತ್ತೀರಿ.

ಬದಿಯಡ್ಕದ ಸದಸ್ಯ: ನೀವು ಮಾಡಿದ 52ರ ಒಂದು ಮುಖವನ್ನಾದರೂ ತೋರಿಸಿ, ಆಮೇಲೆ ಮಾತನಾಡೋಣ.

ಕಲಾವಿದೆ: ಜಗಳವನ್ನು ಬೇರೆ ಕಡೆ ಮಾಡಿಕೊಳ್ಳಿ. ಹನ್ನೆರಡನ್ನು ಮಾಡಿದವರು ಹೆಸರು ಬದಲಿಸಿ ಕೆಲವನ್ನು eyeBlinkLeft, jawOpen ಎಂದು ಅಲ್ಲಿಗೂ ಬಳಸಬಹುದು. ಉಳಿದವನ್ನು ಅಗತ್ಯ ಬಿದ್ದಾಗ ಸೇರಿಸಿದರಾಯಿತು.

ನೀರ್ಚಾಲಿನ ಸದಸ್ಯ: ಪಾತ್ರಕ್ಕೆ ಮೀಸೆ ಬೇರೆ ಮೆಶ್ ಆಗಿದೆ. ನಕ್ಕಾಗ ತುಟಿ ಸರಿದರೂ ಮೀಸೆ ಅಲ್ಲೇ ನಿಲ್ಲುತ್ತದೆ, ಏನು ಮಾಡಬೇಕು?

ಕುಂಬಳೆಯ ಸದಸ್ಯ: ಅಕ್ಕ, ಅರ್ಧದ ಶೇಪ್ ಸರಿಹೋಯಿತು. ಆದರೆ ನಗುತ್ತ ಕಣ್ಣು ಮುಚ್ಚಿದರೆ ಕೆಳರೆಪ್ಪೆ ಮೇಲ್ರೆಪ್ಪೆಯನ್ನು ದಾಟಿ ಹೋಗುತ್ತಿದೆ.

ಕಲಾವಿದೆ: ನಗುವಿನ ಶೇಪಿನಲ್ಲಿ ಕೆನ್ನೆ ಏರುವಾಗ ಕೆಳರೆಪ್ಪೆಯನ್ನೂ ಮೇಲೆತ್ತಿದ್ದೀರಿ, ಕಣ್ಣು ಮುಚ್ಚುವ ಶೇಪಿನಲ್ಲೂ ಅದು ಮೇಲೇರುತ್ತದೆ. ಎರಡೂ ಪೂರ್ತಿಯಾದಾಗ ಏರಿಕೆಗಳು ಕೂಡಿಕೊಂಡು ಗೆರೆ ದಾಟುತ್ತವೆ. ಎರಡನ್ನೂ 1ರಲ್ಲಿಟ್ಟು, ಕೆಳರೆಪ್ಪೆಯನ್ನು ಇಳಿಸುವ ಇನ್ನೊಂದು ಖಾಲಿ ಶೇಪ್ ಮಾಡಿ, ಅದರ ಡ್ರೈವರಿನಲ್ಲಿ ಎರಡರ ಬೆಲೆಗಳನ್ನು ಗುಣಿಸಿ. ಯಾವುದಾದರೊಂದು ಸೊನ್ನೆಯಾದರೆ ತಿದ್ದುಪಡಿಯೂ ಸೊನ್ನೆಯಾಗುತ್ತದೆ.

ಪೈವಳಿಕೆಯ ಸದಸ್ಯ: ನನಗೂ ಮಿರರ್ ಅಪ್ಲೈ ಆಗುತ್ತಿಲ್ಲ.

ಕಲಾವಿದೆ: ಮೇಲೆ ಓದಿ.

ನೀರ್ಚಾಲಿನ ಸದಸ್ಯ: ಮೀಸೆಯ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ.

ಉಪ್ಪಳದ ಸದಸ್ಯ: ಇನ್ನೊಂದು ಗುಂಪಿನಲ್ಲಿ ಮೀಸೆಯನ್ನೇ ತೆಗೆಯಿರಿ ಎಂದಿದ್ದಾರೆ.