ಸಹಾಯ ಬೇಕು: ಮೈಲುತುತ್ತದ ಆರ್ಡರ್ ಲೆಕ್ಕ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಗೊಬ್ಬರ, ಔಷಧಿ ಅಂಗಡಿ. ಮಳೆಗಾಲ ಹತ್ತಿರವಾದರೆ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ದಿನಕ್ಕೆ ಐದು ಚೀಲ ಹೋಗುತ್ತದೆ. ಲೋಡ್ ಬರಲು ಹತ್ತು ದಿನ ಬೇಕು. ಹಾಗಾಗಿ ಆಪತ್ತಿಗೆಂದು ಹತ್ತು ಚೀಲ ಸೇರಿಸಿ, 60ಕ್ಕೆ ಇಳಿದರೆ 80 ಚೀಲ ಆರ್ಡರ್ ಎಂದು ಗೋಡೆಗೆ ಬರೆದು ಅಂಟಿಸಿದ್ದೆ.

ಕಳೆದ ವರ್ಷ ಸೋಮವಾರ ನಾನು ಆರ್ಡರ್ ಕೊಟ್ಟೆ. ಬುಧವಾರ ಹುಡುಗ ಗೋದಾಮಿನಲ್ಲಿ 50 ಎಣಿಸಿ ಮತ್ತೆ 80 ಹೇಳಿದ. ಅವನದೇನೂ ತಪ್ಪಿಲ್ಲ, ಗೋಡೆಯ ಮೇಲಿದ್ದದ್ದೇ ಹಾಗೆ. ದಾರಿಯಲ್ಲಿದ್ದ 80 ಸೇರಿಸಿದ್ದರೆ 130 ಇತ್ತು. ಉಳಿದ ಚೀಲಗಳು ಮಳೆಯ ಥಂಡಿಗೆ ಗಟ್ಟಿಯಾದವು.

ಈಗ ಹಾಳೆಯಲ್ಲಿ ಇರುವುದು, ಬರಬೇಕಾದದ್ದು, ಬಾಕಿ ಎಂದು ಮೂರು ಕಾಲಂ ಮಾಡಿ, ಈ ಸೂತ್ರ ಹಾಕಿದ್ದೇನೆ:

```
=B2+C2-D2
```

ಇಂದು ಗೋದಾಮು ಖಾಲಿ, ಬರಬೇಕಾದದ್ದು 80, ಮುಂಗಡ ಕೊಟ್ಟು ಕಾಯುತ್ತಿರುವ ಬೆಳೆಗಾರರದು 25. ಅಂದರೆ 55, ಅದು 60ಕ್ಕಿಂತ ಕಡಿಮೆ; ಲೋಡ್ ಬರುತ್ತಿದೆ ಎಂದು ಸುಮ್ಮನಿರುವಂತಿಲ್ಲ, ಆರ್ಡರ್ ಕೊಡಲೇಬೇಕು.

ತೊಡಕು ಇಲ್ಲಿದೆ. ಆ 80ರಲ್ಲಿ ಸದ್ಯ 50 ಖಚಿತ, ಉಳಿದದ್ದು ‘ನೋಡೋಣ’ ಎನ್ನುತ್ತಾರೆ ಸಗಟು ವ್ಯಾಪಾರಿ. ಆ 30 ಬಿಟ್ಟರೆ ಲೆಕ್ಕ 25ಕ್ಕೆ ಇಳಿಯುತ್ತದೆ. ಬಿಟ್ಟು ಹೊಸ ಆರ್ಡರ್ ಕೊಟ್ಟ ಮೇಲೆ ಹಳೆಯದೂ ಬಂದಿಳಿದರೆ? ಇಂಥ ಅರೆಮಾತಿನ ಮಾಲನ್ನು ನೀವು ಹೇಗೆ ಬರೆದುಕೊಳ್ಳುತ್ತೀರಿ? ಅನುಭವವಿರುವ ಅಂಗಡಿಯವರು ದಯವಿಟ್ಟು ತಿಳಿಸಿ.