ಪದಚರ್ಚೆ: ‘ನೆಟ್ ರನ್ ರೇಟ್’ಗೆ ಬೋರ್ಡ್ ಮೇಲೆ ಏನು ಬರೆಯೋಣ? (ನಾಳೆ ಸಂಜೆಯೊಳಗೆ ಬೇಕು)

ಗಿರೀಶ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಟೆನಿಸ್ ಬಾಲ್ ಟೂರ್ನಿಗೆ ಫ್ಲೆಕ್ಸ್ ಮಾಡಿಸಬೇಕು. ಎಂಟು ತಂಡ, ಎರಡು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಸೆಮಿಫೈನಲ್‌ಗೆ. ಎಂಟು ಓವರ್ ಪಂದ್ಯ. ಬೋರ್ಡ್ ಪೂರ್ತಿ ಕನ್ನಡದಲ್ಲೇ ಇರಲಿ ಅಂತ ಹುಡುಗರ ಆಸೆ. ನನಗೆ ಮೂರು ಪದ ಬೇಕು: ಪಾಯಿಂಟ್ಸ್ ಟೇಬಲ್, ನೆಟ್ ರನ್ ರೇಟ್, ಟೈ ಬ್ರೇಕರ್. ಅಂಕಪಟ್ಟಿ, ನಿವ್ವಳ ರನ್ ಸರಾಸರಿ, ಸಮಬಲ ಭಂಜಕ ಅಂತ ಬರೆದುಕೊಂಡಿದ್ದೇನೆ. ಮೂರನೆಯದು ನನಗೇ ಇಷ್ಟವಾಗಿಲ್ಲ.

ಹೋದ ವರ್ಷ ಇದೇ ವಿಷಯಕ್ಕೆ ಜಗಳವಾಗಿತ್ತು. ಅದಕ್ಕೆ ಈ ಸಲ ನಿಯಮ ದೊಡ್ಡದಾಗಿ, ಎಲ್ಲರಿಗೂ ಅರ್ಥವಾಗುವ ಹಾಗೆ ಇರಬೇಕು. ಫ್ಲೆಕ್ಸ್ ಅಂಗಡಿಯವರು ನಾಳೆ ಐದು ಗಂಟೆ ಅಂದಿದ್ದಾರೆ.

ನಂಜುಂಡಯ್ಯ:

ನಿವ್ವಳ ಮರಾಠಿಯಲ್ಲೂ ಇರುವ ಪದ. ಸರಾಸರಿ ಪಾರ್ಸಿಯಿಂದ ಬಂದದ್ದು. ಭಂಜಕ ಸಂಸ್ಕೃತ. ರನ್ ಇಂಗ್ಲಿಷ್. ನಾಲ್ಕು ಪದದಲ್ಲಿ ಕನ್ನಡ ಎಲ್ಲಿದೆ? ‘ಓಟ’ ನಮ್ಮದು, ‘ಮಿಗಿಲು’ ನಮ್ಮದು. ‘ಮಿಗಿಲೋಟ’ ಅಂತ ಬರೆಯಿರಿ. ಬಾಯಿಗೂ ಬರುತ್ತದೆ, ಬೋರ್ಡಿನಲ್ಲಿ ಜಾಗವೂ ಉಳಿಯುತ್ತದೆ.

ಶಿವಲೀಲಾ:

ಅಂಕಪಟ್ಟಿ ಬೇಡ ಸರ್. ನಾನು ಹೈಸ್ಕೂಲ್ ಟೀಚರ್. ನಮ್ಮಲ್ಲಿ ಅಂಕಪಟ್ಟಿ ಅಂದರೆ ಮಾರ್ಕ್ಸ್ ಕಾರ್ಡ್. ಗಣಕೀಕೃತ ಅಂಕಪಟ್ಟಿಗೆ ಬೋರ್ಡಿನ ಸೀಲ್ ಇರುತ್ತದೆ, ಅದರ ಹೆಸರನ್ನು ಬೇರೆಯದಕ್ಕೆ ಹಾಕುವುದು ಸರಿಯಲ್ಲ.

ಸುಜಾತಾ:

ಶಿವಲೀಲಾ ಅವರೇ, ಗಿರೀಶ ಕೇಳುತ್ತಿರುವುದು ಕ್ರಿಕೆಟ್ ಬೋರ್ಡಿಗೆ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಪೇಪರ್‌ಗಳು ಅಂಕಪಟ್ಟಿ ಅಂತಲೇ ಬರೆಯುತ್ತವೆ, ಕ್ರೀಡಾಪುಟದಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಮೈದಾನದ ಬೋರ್ಡಿನಲ್ಲೂ ಆಗುವುದಿಲ್ಲ. ಅದು ಹಾಗೇ ಇರಲಿ.

ನನ್ನ ತಕರಾರು ‘ಸರಾಸರಿ’ಗೆ. ಕ್ರೀಡಾ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವಳು ನಾನು. ಈ ಪದ ಓದಿದವರು ಲೆಕ್ಕವನ್ನೇ ತಪ್ಪು ಮಾಡುತ್ತಾರೆ. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಅದು ಓದುವವನಿಗೆ ಏನು ಮಾಡಿಸುತ್ತದೆ ಅನ್ನುವುದು ಮುಖ್ಯ, ಅಲ್ವಾ?

ವೆಂಕಟೇಶ್:

ಸರಾಸರಿಯಲ್ಲಿ ಏನು ತಪ್ಪು? ಪ್ರತಿ ಪಂದ್ಯದಲ್ಲಿ ನಮ್ಮ ರನ್ ರೇಟಿನಿಂದ ಎದುರಾಳಿಯ ರನ್ ರೇಟ್ ಕಳೆಯಬೇಕು. ಆಮೇಲೆ ಎಲ್ಲ ಪಂದ್ಯದ್ದೂ ಕೂಡಿಸಿ, ಪಂದ್ಯಗಳ ಸಂಖ್ಯೆಯಿಂದ ಭಾಗಿಸಬೇಕು. ಅದೇ ತಾನೇ ಸರಾಸರಿ? 2024ರ ಆರ್‌ಸಿಬಿ–ಚೆನ್ನೈ ಪಂದ್ಯದ ದಿನ ನಾನು ಹೀಗೇ ಲೆಕ್ಕ ಹಾಕಿದ್ದೆ, ಸರಿಯಾಗೇ ಬಂತು.

ಸುಜಾತಾ:

ಸರಿ ಬಂದಿಲ್ಲ ವೆಂಕಟೇಶ್. ಸರಿಯ ಹತ್ತಿರ ಬಂದಿದೆ. ಅದೇ ಪಂದ್ಯ ತೆಗೆದುಕೊಳ್ಳೋಣ, ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

18 ಮೇ 2024, ಚಿನ್ನಸ್ವಾಮಿ. ಇಬ್ಬರಿಗೂ ಕೊನೆಯ ಲೀಗ್ ಪಂದ್ಯ. 13 ಪಂದ್ಯ ಮುಗಿದಾಗ ಚೆನ್ನೈಗೆ 14 ಅಂಕ, +0.528. ಆರ್‌ಸಿಬಿಗೆ 12 ಅಂಕ, +0.387. ಆರ್‌ಸಿಬಿ ಗೆದ್ದರೆ ಅಂಕ ಸಮ. ಆಗ ರನ್ ರೇಟ್ ನೋಡಬೇಕು. ಆರ್‌ಸಿಬಿ 218 ಹೊಡೆಯಿತು. ಚೆನ್ನೈಗೆ ಗೆಲ್ಲಲು 219 ಬೇಕು, ಆದರೆ ಮುಂದಕ್ಕೆ ಹೋಗಲು 201 ಸಾಕು.

ಈಗ ನಿಮ್ಮ ಸರಾಸರಿ ಹಾಕಿ. ಚೆನ್ನೈ 200ಕ್ಕೆ ನಿಂತಿದ್ದರೆ 18 ರನ್ ಸೋಲು, 20 ಓವರ್‌ಗೆ 0.90 ಅಂತರ. ಚೆನ್ನೈಗೆ 0.528ನ್ನು 13ರಿಂದ ಗುಣಿಸಿ, 0.90 ಕಳೆದು, 14ರಿಂದ ಭಾಗಿಸಿದರೆ 0.426. ಆರ್‌ಸಿಬಿಗೆ 0.387ನ್ನು 13ರಿಂದ ಗುಣಿಸಿ, 0.90 ಕೂಡಿಸಿ, 14ರಿಂದ ಭಾಗಿಸಿದರೆ 0.424. ನಿಮ್ಮ ಲೆಕ್ಕದಲ್ಲಿ 200ಕ್ಕೇ ಚೆನ್ನೈ ಒಳಗೆ. ನಿಜದ ಲೆಕ್ಕದಲ್ಲಿ 200ಕ್ಕೆ ಚೆನ್ನೈ ಹೊರಗೆ.

ಒಂದು ರನ್ ಎಲ್ಲಿ ತಪ್ಪಿತು? ನಿಯಮ ಪಂದ್ಯ ಪಂದ್ಯಕ್ಕೆ ಬಿಡಿಯಾಗಿ ನೋಡುವುದೇ ಇಲ್ಲ. ಇಡೀ ಲೀಗಿನಲ್ಲಿ ಹೊಡೆದ ರನ್ನೆಲ್ಲ ಒಂದು ರಾಶಿ, ಆಡಿದ ಓವರೆಲ್ಲ ಒಂದು ರಾಶಿ. ಒಂದನ್ನು ಇನ್ನೊಂದರಿಂದ ಭಾಗಿಸಬೇಕು. ಬಿಟ್ಟುಕೊಟ್ಟದ್ದಕ್ಕೂ ಹಾಗೆಯೇ. ಕೊನೆಗೆ ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಬೇಗ ಗುರಿ ಮುಟ್ಟಿದ ಪಂದ್ಯದಲ್ಲಿ ಓವರ್ ಕಡಿಮೆ, ಹಾಗಾಗಿ ಆ ಪಂದ್ಯದ ತೂಕವೂ ಕಡಿಮೆ. ಸರಾಸರಿ ತೆಗೆದರೆ ಎಲ್ಲ ಪಂದ್ಯಕ್ಕೂ ಒಂದೇ ತೂಕ ಸಿಗುತ್ತದೆ.

ಆ ರಾತ್ರಿ 19 ಓವರ್ ಮುಗಿದಾಗ ಚೆನ್ನೈ 184. ಯಶ್ ದಯಾಳ್‌ನ ಕೊನೆಯ ಓವರಿನಲ್ಲಿ 17 ಬೇಕಿತ್ತು. ಧೋನಿ ಮೊದಲ ಎಸೆತಕ್ಕೆ ಸಿಕ್ಸರ್ ಹೊಡೆದು, ಮುಂದಿನದಕ್ಕೆ ಔಟಾದರು. ಓವರಿನಲ್ಲಿ ಬಂದದ್ದು 7. ಚೆನ್ನೈ 191, ಕೊನೆಗೆ +0.392. ಆರ್‌ಸಿಬಿ +0.459. ಇಲ್ಲಿ ಅಂತರ ಜಾಸ್ತಿ ಇದ್ದದ್ದರಿಂದ ನಿಮ್ಮ ಲೆಕ್ಕದ ತಪ್ಪು ಕಾಣಲಿಲ್ಲ, ಅಷ್ಟೆ.

ನಂಜುಂಡಯ್ಯ:

ಲೆಕ್ಕ ಬೇಡ. ಇದು ಪದಚರ್ಚೆ. ಮಿಗಿಲೋಟಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಸುಜಾತಾ:

ಕೊಡುತ್ತೇನೆ. ಮಿಗಿಲು ಅಂದರೆ ಹೆಚ್ಚು. ಅರ್ಧ ತಂಡಗಳಿಗೆ ಈ ಅಂಕಿ ಮೈನಸ್ ಇರುತ್ತದೆ. ‘ಮಿಗಿಲೋಟ ಮೈನಸ್ 0.377’ ಅಂತ ಯಾರು ಓದುತ್ತಾರೆ? ಜೊತೆಗೆ ಮಿಗಿಲೋಟ ಅಂದರೆ ಹೆಚ್ಚು ಹೊಡೆದ ರನ್ ಅಂತ ತಿಳಿಯುತ್ತಾರೆ. ಇಲ್ಲಿರುವುದು ರನ್ ಅಲ್ಲ, ಓವರಿಗೆ ಎಷ್ಟು ಅನ್ನುವುದು. ಪದ ಚೆನ್ನಾಗಿದೆ, ಈ ಜಾಗಕ್ಕಲ್ಲ.

‘ನಿವ್ವಳ’ಕ್ಕೂ ಇದೇ ತೊಂದರೆ. ನಿವ್ವಳ ತೂಕ ಅಂದರೆ ಡಬ್ಬದ ತೂಕ ಕಳೆದದ್ದು. ನಿವ್ವಳ ಲಾಭ ಅಂದರೆ ಖರ್ಚು, ತೆರಿಗೆ ಕಳೆದದ್ದು. ಎರಡರಲ್ಲೂ ಕಳೆಯುವುದು ನಮ್ಮದರಿಂದ ನಮ್ಮದನ್ನೇ. ಇಲ್ಲಿ ಕಳೆಯುವುದು ಎದುರಾಳಿಯ ದರವನ್ನು. ಮರಾಠಿಯದೋ ಅಲ್ಲವೋ ನನಗೆ ಮುಖ್ಯವಲ್ಲ.

ನಂಜುಂಡಯ್ಯ:

ಹೀಗೆ ‘ಮುಖ್ಯವಲ್ಲ’ ಅನ್ನುತ್ತಲೇ ಅರ್ಧ ಕನ್ನಡ ಹೋಯಿತು. ಕಬಡ್ಡಿಯವರು ರೈಡ್, ಟ್ಯಾಕಲ್ ಅನ್ನುತ್ತಿದ್ದಾರೆ. ನಮ್ಮ ನೆಲದ ಆಟಕ್ಕೇ ಹೊರಗಿನ ಪದ.

ಬಸವರಾಜ:

ಕಬಡ್ಡಿ ಮಾತು ಬಂತಲ್ಲ, ನನ್ನದೂ ಒಂದು ಹೇಳ್ತೀನಿ. ನಾನು ಊರ ಕಬಡ್ಡಿಗೆ ಸ್ಕೋರ್ ಬರೆಯೋನು. ನಮಗೆ ‘ಅಂಕ’ ಅನ್ನೋ ಪದವೇ ತೊಂದರೆ. ಪಂದ್ಯದಲ್ಲಿ 34–29 ಅಂದರೆ ಅದೂ ಅಂಕ, ಗೆದ್ದದ್ದಕ್ಕೆ ಪಟ್ಟಿಯಲ್ಲಿ ಸಿಗೋದೂ ಅಂಕ. ಪ್ರೊ ಕಬಡ್ಡಿಯಲ್ಲಿ ಗೆದ್ದರೆ 5, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಅಂತ ಇದ್ದಾಗ ಮೈಕಿನಲ್ಲಿ ‘ಏಳು ಅಂಕದೊಳಗೆ ಸೋತರೆ ಒಂದು ಅಂಕ’ ಅಂತ ಹೇಳಬೇಕಿತ್ತು. ಜನ ನಮ್ಮನ್ನೇ ಕೇಳೋರು, ಯಾವ ಅಂಕ ಅಂತ. ನಾವು ಪಟ್ಟಿಯದಕ್ಕೆ ‘ಪಾಯಿಂಟ್’ ಅಂತ ಇಟ್ಟುಕೊಂಡೆವು, ಆಟದ್ದಕ್ಕೆ ‘ಅಂಕ’. ಎರಡು ಅರ್ಥಕ್ಕೆ ಎರಡು ಪದ. ಒಂದು ಇಂಗ್ಲಿಷಾದರೇನು?

ಸಮ ಆದರೆ ನಾವು ‘ಅಂತರ’ ನೋಡ್ತೀವಿ. ಗಿರೀಶರೇ, ನೀವೂ ‘ರನ್ ರೇಟ್ ಅಂತರ’ ಅಂತ ಬರೀರಿ.

ಗಿರೀಶ:

ಬಸವರಾಜಣ್ಣ, ಇದು ಹಿಡಿಸಿತು. ಇನ್ನೊಂದು ಕೇಳಬೇಕು, ಹೋದ ವರ್ಷದ ಜಗಳದ್ದು. ಒಂದು ತಂಡ 8 ಓವರಿಗೆ 72 ಹೊಡೆಯಿತು. ಇನ್ನೊಂದು ತಂಡ 5.2 ಓವರಿನಲ್ಲಿ 48ಕ್ಕೆ ಆಲೌಟ್. ನಮ್ಮ ಸ್ಕೋರರ್ ಮೊಬೈಲಿನಲ್ಲಿ 48ನ್ನು 5.2ರಿಂದ ಭಾಗಿಸಿ 9.23 ಅಂದ. ಗೆದ್ದವರದು 9. ಸೋತವರಿಗೆ ಪ್ಲಸ್ ಬಂತು! 24 ರನ್ನಿನಿಂದ ಸೋತವರೇ ಸೆಮಿಗೆ ಹೋದರು. ಗೆದ್ದ ತಂಡದ ಹುಡುಗರು ಎರಡು ದಿನ ಊಟ ಬಿಟ್ಟರು. ಏನೋ ತಪ್ಪು ಅಂತ ಎಲ್ಲರಿಗೂ ಗೊತ್ತಿತ್ತು, ಎಲ್ಲಿ ಅಂತ ತೋರಿಸಲು ಬರಲಿಲ್ಲ.

ವೆಂಕಟೇಶ್:

5.2 ಅಂದರೆ ಐದು ಓವರ್ ಎರಡು ಬಾಲ್. ಅಂದರೆ ಐದೂ ಮೂರನೇ ಒಂದು, 5.33. ಭಾಗಿಸಿದರೆ ಸರಿಯಾಗಿ 9. ಇಬ್ಬರೂ ಸಮ.

ಸುಜಾತಾ:

ಅದು ಒಂದು ತಪ್ಪು ಮಾತ್ರ, ದೊಡ್ಡದು ಉಳಿಯಿತು. ಆಲೌಟ್ ಆದರೆ ಆಡಿದ ಓವರ್ ಲೆಕ್ಕಕ್ಕಿಲ್ಲ, ಪೂರ್ತಿ ಓವರ್ ಹಿಡಿಯಬೇಕು. 48ನ್ನು 8ರಿಂದ ಭಾಗಿಸಿ, 6. ಗೆದ್ದವರಿಗೆ +3, ಸೋತವರಿಗೆ −3. ಇಲ್ಲದಿದ್ದರೆ ಬೇಗ ಆಲೌಟ್ ಆಗುವುದೇ ಲಾಭವಾಗಿಬಿಡುತ್ತದೆ. 24 ರನ್ನಿನಿಂದ ಗೆದ್ದವರಿಗೆ ಮೈನಸ್ ಬಂತು ಅಂದರೆ ಲೆಕ್ಕ ಅಲ್ಲೇ ನಿಲ್ಲಿಸಬೇಕಿತ್ತು. ಒಂದೇ ಪಂದ್ಯದ ಮಟ್ಟಿಗೆ ನೋಡಿದರೆ ಹಾಗೆ ಆಗುವುದಕ್ಕೆ ಸಾಧ್ಯವೇ ಇಲ್ಲ.

2019ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನಕ್ಕೆ ಪೆಟ್ಟು ಬಿದ್ದದ್ದೂ ಇಲ್ಲೇ. ಮೊದಲ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ಎದುರು 105ಕ್ಕೆ ಆಲೌಟ್. ಆಡಿದ್ದು 21.4 ಓವರ್, ಲೆಕ್ಕಕ್ಕೆ 50. ಓವರಿಗೆ 2.10. ಅವರು 13.4 ಓವರಿನಲ್ಲಿ 108 ಹೊಡೆದರು, ಅದು ಓವರಿಗೆ 7.90. ಆ ಗುಂಡಿಯಿಂದ ಪಾಕಿಸ್ತಾನ ಕೊನೆಯವರೆಗೂ ಏಳಲಿಲ್ಲ. ನ್ಯೂಜಿಲೆಂಡಿಗೂ ಪಾಕಿಸ್ತಾನಕ್ಕೂ 11 ಅಂಕ, 5 ಗೆಲುವು. +0.175 ಇದ್ದ ನ್ಯೂಜಿಲೆಂಡ್ ಮುಂದೆ, −0.430 ಇದ್ದ ಪಾಕಿಸ್ತಾನ ಮನೆಗೆ.

ವೆಂಕಟೇಶ್:

ಆದರೆ ಪಾಕಿಸ್ತಾನ ಆ ಟೂರ್ನಿಯಲ್ಲಿ ನ್ಯೂಜಿಲೆಂಡನ್ನು ಸೋಲಿಸಿತ್ತು. ಮುಖಾಮುಖಿ ಗೆದ್ದವರು ಮುಂದೆ ಹೋಗಬೇಕು. ನ್ಯಾಯ ಅದೇ.

ಸುಜಾತಾ:

ಅಲ್ಲಿ ನಿಯಮದ ಸಾಲಿನಲ್ಲಿ ಮುಖಾಮುಖಿ ರನ್ ರೇಟಿನ ನಂತರ ಇತ್ತು. ಮೊದಲು ಇಡಬಹುದು, ತಪ್ಪಿಲ್ಲ. ಆದರೆ ಗಿರೀಶ ಅವರ ಗುಂಪಿನಲ್ಲಿ ನಾಲ್ಕೇ ತಂಡ. ಅ ತಂಡ ಆ ತಂಡವನ್ನು, ಆ ಇ ಯನ್ನು, ಇ ಅ ಯನ್ನು ಸೋಲಿಸಿ, ಮೂವರೂ ನಾಲ್ಕನೆಯವರನ್ನು ಸೋಲಿಸಿದರೆ ಮುಖಾಮುಖಿ ಅಲ್ಲೇ ಸುತ್ತುತ್ತದೆ. ಸಣ್ಣ ಗುಂಪಿನಲ್ಲಿ ಹೀಗೆ ಆಗುವುದು ಅಪರೂಪವೇನಲ್ಲ. ಆಗ ರನ್ ರೇಟ್ ಅಂತರಕ್ಕೇ ಬರಬೇಕು.

ಇನ್ನು ಟೈ ಬ್ರೇಕರ್. ಕ್ರಿಕೆಟಿನಲ್ಲಿ ಟೈ ಅಂದರೆ ಪಂದ್ಯ ಸಮ, ಸೂಪರ್ ಓವರ್ ನೆನಪಾಗುತ್ತದೆ. ಇಲ್ಲಿ ಸಮವಾಗಿರುವುದು ಪಟ್ಟಿಯ ಅಂಕ. ಒಂದು ನಾಮಪದ ಹುಡುಕುತ್ತಾ ಯಾಕೆ ಕೂರಬೇಕು? ‘ಅಂಕ ಸಮವಾದರೆ’ ಅಂತ ಬರೆದು, ಕೆಳಗೆ ಏನು ನೋಡುತ್ತೀರಿ ಅಂತ ಸಾಲಾಗಿ ಹಾಕಿ.

ನಂಜುಂಡಯ್ಯ:

‘ಅಂಕ ಸಮವಾದರೆ’ ಒಪ್ಪುತ್ತೇನೆ. ವಾಕ್ಯದ ಹದ ಕನ್ನಡದ್ದು. ‘ರನ್ ರೇಟ್ ಅಂತರ’ ಒಪ್ಪುವುದಿಲ್ಲ. ನಮ್ಮಪ್ಪ ರೇಡಿಯೊ ಮುಂದೆ ಕೂತು ‘ಎಷ್ಟು ಓಟ ಆಯ್ತು’ ಅಂತಲೇ ಕೇಳುತ್ತಿದ್ದರು. ಅವರ ಬಾಯಲ್ಲಿ ಇದ್ದ ಪದ ಬೋರ್ಡಿಗೆ ಯಾಕೆ ಬೇಡ?

ಬಸವರಾಜ:

ನಿಮ್ಮಪ್ಪನ ಕಾಲದಲ್ಲಿ ರೇಟಿಗೆ ಏನು ಅನ್ನುತ್ತಿದ್ದರು, ಅದನ್ನೂ ಹೇಳಿ ಸರ್. ಅದು ಇಲ್ಲದೆ ಅರ್ಧ ಪದ.

ಗಿರೀಶ:

ಎಲ್ಲರಿಗೂ ಧನ್ಯವಾದ. ಈಗಷ್ಟೇ ಅಂಗಡಿಗೆ ಕೊಟ್ಟು ಬಂದೆ. ಬರೆದದ್ದು ಹೀಗೆ:

ಅಂಕಪಟ್ಟಿ. ಗೆಲುವಿಗೆ 2, ಟೈ ಅಥವಾ ಮಳೆಯಿಂದ ನಿಂತರೆ 1.
ಅಂಕ ಸಮವಾದರೆ: ಮೊದಲು ಹೆಚ್ಚು ಗೆಲುವು, ಆಮೇಲೆ ರನ್ ರೇಟ್ ಅಂತರ, ಆಮೇಲೆ ಮುಖಾಮುಖಿ, ಕೊನೆಗೆ ಚೀಟಿ.
ರನ್ ರೇಟ್ ಅಂತರ: ಎಲ್ಲ ಪಂದ್ಯದ ರನ್ ಒಟ್ಟು, ಓವರ್ ಒಟ್ಟು. ಆಲೌಟ್ ಆದರೆ 8 ಓವರ್ ಹಿಡಿಯಲಾಗುವುದು.

‘ಓಟ’ ಹಾಕೋಣ ಅಂತ ನನಗೂ ಮನಸ್ಸಿತ್ತು ನಂಜುಂಡಯ್ಯನವರೇ. ಹುಡುಗರಿಗೆ ತೋರಿಸಿದೆ. ‘ಓಟದ ಸ್ಪರ್ಧೆಯೂ ಇದೆಯಾ’ ಅಂತ ಕೇಳಿದರು.

ಸುಜಾತಾ:

ಮಳೆ ಬಂದು ಪಂದ್ಯವನ್ನು 5 ಓವರಿಗೆ ಇಳಿಸಿದರೆ ಆಲೌಟಿಗೆ 8 ಅಲ್ಲ, 5 ಹಿಡಿಯಬೇಕು. ಅಂಗಡಿಗೆ ಫೋನ್ ಮಾಡಿ ‘8 ಓವರ್’ ಇರುವಲ್ಲಿ ‘ಪೂರ್ತಿ ಓವರ್’ ಅಂತ ಮಾಡಿಸಿ. ಮತ್ತೆ ಒಂದು ಮಾತು: ಗುಂಪಿನ ಕೊನೆಯ ಪಂದ್ಯ ಆಡುವ ತಂಡಕ್ಕೆ ಎಷ್ಟು ಬೇಕು ಅಂತ ಮೊದಲೇ ಗೊತ್ತಿರುತ್ತದೆ. ಮೊದಲು ಆಡಿ ಮುಗಿಸಿದವರಿಗೆ ಆ ಅನುಕೂಲ ಇಲ್ಲ. ಎರಡೂ ಪಂದ್ಯ ಒಂದೇ ಹೊತ್ತಿಗೆ ಇಡಲು ಆಗುತ್ತದಾ?

ಗಿರೀಶ:

ಇರುವುದು ಒಂದೇ ಮೈದಾನ ಮೇಡಂ. ಅದೂ ಆರು ಗಂಟೆಗೆ ಕತ್ತಲೆ. ಅಂಗಡಿಗೆ ಫೋನ್ ಮಾಡುತ್ತಿದ್ದೇನೆ.